ಪಾಸ್‌ಬುಕ್ಕಿನಲ್ಲಿ 17,400, ಬಡ್ಡಿ ಪ್ರಮಾಣಪತ್ರದಲ್ಲಿ 55,998: ತಾಳೆ ಹಾಕುವ ಕ್ರಮ

ಬ್ಯಾಂಕಿನ ಬಡ್ಡಿ ಪ್ರಮಾಣಪತ್ರಕ್ಕೂ ಪಾಸ್‌ಬುಕ್ಕಿಗೂ ಲೆಕ್ಕ ಕೂಡದಿದ್ದಾಗ ಬ್ಯಾಂಕೇ ತಪ್ಪು ಮಾಡಿದೆ ಎಂದು ಹೆಚ್ಚಿನವರು ಅಂದುಕೊಳ್ಳುತ್ತಾರೆ. ನಾನು ನೋಡಿದ ಬಹುಪಾಲು ಪ್ರಕರಣಗಳಲ್ಲಿ ಎರಡೂ ಸರಿಯಾಗಿಯೇ ಇರುತ್ತವೆ. ಪಾಸ್‌ಬುಕ್ ಹೇಳುವುದು ಖಾತೆಗೆ ಬಂದ ಹಣವನ್ನು, ಪ್ರಮಾಣಪತ್ರ ಹೇಳುವುದು ಆ ವರ್ಷ ಹುಟ್ಟಿದ ಬಡ್ಡಿಯನ್ನು. ಇವೆರಡರ ನಡುವಿನ ಅಂತರ ಎಲ್ಲಿಂದ ಬಂತು ಎಂದು ಒಂದು ರೂಪಾಯಿಯವರೆಗೂ ಹೇಳಲು ಆಗುವ ತನಕ ನಾನು ರಿಟರ್ನ್ ತುಂಬಲು ಕೂರುವುದಿಲ್ಲ.

2024-25ರ ಆರ್ಥಿಕ ವರ್ಷದ ಒಂದು ಲೆಕ್ಕವನ್ನು ಇಟ್ಟುಕೊಂಡು ಹೇಳುತ್ತೇನೆ. ವ್ಯಕ್ತಿಗೆ ಅರವತ್ತು ತುಂಬಿಲ್ಲ, ಹಳೆಯ ತೆರಿಗೆ ಪದ್ಧತಿಯಲ್ಲಿದ್ದಾರೆ. ಒಂದೇ ಬ್ಯಾಂಕಿನಲ್ಲಿ ಒಂದು ಉಳಿತಾಯ ಖಾತೆ, ಎರಡು ಎಫ್‌ಡಿ. ಮೊದಲ ಎಫ್‌ಡಿ 5 ಲಕ್ಷ ರೂಪಾಯಿಯದು, ಶೇ. 7ರ ದರ, 1 ಅಕ್ಟೋಬರ್ 2023ರಂದು ಎರಡು ವರ್ಷಕ್ಕೆ ಇಟ್ಟದ್ದು. ಇದರ ಬಡ್ಡಿ ಕೈಗೆ ಬರದೆ ಮೂರು ತಿಂಗಳಿಗೊಮ್ಮೆ ಅಸಲಿಗೇ ಸೇರುತ್ತದೆ. ಎರಡನೆಯದು 2 ಲಕ್ಷದ್ದು, ಅದೇ ದರ, ಬಡ್ಡಿ ಮೂರು ತಿಂಗಳಿಗೊಮ್ಮೆ ಉಳಿತಾಯ ಖಾತೆಗೆ ಜಮೆ.

ಈ ಕೆಲಸಕ್ಕೆ ಜೂನ್ ತಿಂಗಳ ನಡುಭಾಗಕ್ಕಿಂತ ಮೊದಲು ಕೈ ಹಾಕಿ ಪ್ರಯೋಜನವಿಲ್ಲ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ವಿವರ ಸಲ್ಲಿಸಲು ಬ್ಯಾಂಕಿಗೆ ಮೇ 31ರವರೆಗೆ ಸಮಯವಿರುತ್ತದೆ. ನಿಮ್ಮ ಪಾನ್ ಮೇಲೆ ಕಡಿತವಾದ ತೆರಿಗೆಯನ್ನು ತೋರಿಸುವ ಇಲಾಖೆಯ ಪಟ್ಟಿ 26ಎಎಸ್. ಏಪ್ರಿಲ್‌ನಲ್ಲೇ ಅದನ್ನು ತೆರೆದು ನೋಡಿದರೆ ಕೊನೆಯ ತ್ರೈಮಾಸಿಕ ಕಾಣದೆ, ಇಲ್ಲದ ತಪ್ಪನ್ನು ಹುಡುಕುತ್ತಾ ಕೂರಬೇಕಾಗುತ್ತದೆ.

ಮೊದಲು ಪಾಸ್‌ಬುಕ್. 1 ಏಪ್ರಿಲ್ 2024ರಿಂದ 31 ಮಾರ್ಚ್ 2025ರವರೆಗಿನ ಪುಟಗಳಲ್ಲಿ ಬಡ್ಡಿ ಎಂದು ಬಂದ ಪ್ರತಿಯೊಂದು ಜಮೆಗೂ ಪೆನ್ಸಿಲ್ ಗುರುತು ಹಾಕುತ್ತೇನೆ. ಟಿಡಿಎಸ್ ಎಂದು ಖರ್ಚು ಬಿದ್ದ ಸಾಲುಗಳಿಗೆ ಬೇರೆ ಗುರುತು. ತಿಂಗಳುಗಟ್ಟಲೆ ಎಂಟ್ರಿ ಹಾಕಿಸದೆ ಬಿಟ್ಟರೆ ಕೆಲವು ಬ್ಯಾಂಕುಗಳ ಯಂತ್ರ ಹಳೆಯ ವ್ಯವಹಾರಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಸಾಲಿನಲ್ಲಿ ಮುದ್ರಿಸಿಬಿಡುತ್ತದೆ. ಅಂಥ ಸಾಲು ಕಂಡರೆ ಆ ಪಾಸ್‌ಬುಕ್ ಈ ಕೆಲಸಕ್ಕೆ ಸಾಲದು, ವರ್ಷವಿಡೀ ಖಾತೆಯ ಸ್ಟೇಟ್‌ಮೆಂಟ್ ತೆಗೆಸಲೇಬೇಕು. ಮಾರ್ಚ್ ಕೊನೆಯ ಬಡ್ಡಿ ಮುದ್ರಣವಾಗಿದೆಯೇ ಎಂದೂ ನೋಡಿ. ಅತಿ ಹೆಚ್ಚು ಬಿಟ್ಟುಹೋಗುವ ಜಮೆ ಅದು.

ನಮ್ಮ ಲೆಕ್ಕದಲ್ಲಿ ಉಳಿತಾಯ ಖಾತೆಯ ಬಡ್ಡಿ ನಾಲ್ಕು ಬಾರಿ ಬಂದಿದೆ: 1,212, 1,087, 1,340 ಮತ್ತು 1,161. ಒಟ್ಟು 4,800. ಎರಡನೆಯ ಎಫ್‌ಡಿಯಿಂದ ನಾಲ್ಕು ಬಾರಿ 3,150ರಂತೆ 12,600. ಎರಡೂ ಸೇರಿ 17,400. ಪ್ರಮಾಣಪತ್ರದಲ್ಲಾದರೋ ಉಳಿತಾಯ ಖಾತೆಗೆ 4,800, ಎಫ್‌ಡಿಗಳಿಗೆ 51,198, ಒಟ್ಟು 55,998. ಅಂತರ 38,598 ರೂಪಾಯಿ.

ಇದನ್ನು ಬಿಡಿಸುವುದು ಎರಡು ಹೆಜ್ಜೆಯ ಕೆಲಸ. 2 ಲಕ್ಷಕ್ಕೆ ಶೇ. 7ರಂತೆ ಮೂರು ತಿಂಗಳ ಬಡ್ಡಿ 3,500 ಆಗಬೇಕು, ಪಾಸ್‌ಬುಕ್ಕಿಗೆ ಬಂದದ್ದು 3,150. ನಡುವೆ ಶೇ. 10 ಟಿಡಿಎಸ್, ಅಂದರೆ 350 ರೂಪಾಯಿ ಕಡಿತವಾಗಿದೆ. ವರ್ಷಕ್ಕೆ 1,400. ಪಾಸ್‌ಬುಕ್ ನೋಡಿಕೊಂಡು ರಿಟರ್ನ್ ತುಂಬುವವರು ಎಡವುವುದು ಇಲ್ಲಿಯೇ. ಅವರು 12,600 ಎಂದು ಬರೆಯುತ್ತಾರೆ, ಮೇಲೆ ಟಿಡಿಎಸ್ ವಾಪಸನ್ನೂ ಕೇಳುತ್ತಾರೆ. ಆದಾಯವಾಗಿ ತೋರಿಸಬೇಕಾದದ್ದು ಕಡಿತಕ್ಕೆ ಮುಂಚಿನ 14,000. ಕಡಿತವಾದದ್ದು ನಿಮ್ಮ ಹೆಸರಿನಲ್ಲಿ ಮೊದಲೇ ಕಟ್ಟಿದ ತೆರಿಗೆ, ಆದಾಯದಲ್ಲಿ ಆದ ನಷ್ಟವಲ್ಲ.

ಉಳಿದ 37,198 ಮೊದಲ ಎಫ್‌ಡಿಯದು. ಇದು ಪಾಸ್‌ಬುಕ್ಕಿನಲ್ಲಿ ಎಲ್ಲೂ ಇಲ್ಲ, ಇರುವುದೂ ಇಲ್ಲ. 1 ಏಪ್ರಿಲ್ 2024ರಂದು ಆ ಎಫ್‌ಡಿಯ ಮೊತ್ತ ಬೆಳೆದು 5,17,653 ಆಗಿತ್ತು. ಅದರ ಮೇಲೆ ತ್ರೈಮಾಸಿಕಕ್ಕೆ ಶೇ. 1.75ರಂತೆ ಬಡ್ಡಿ 9,059, 9,217, 9,379, 9,543 ಎಂದು ಏರುತ್ತಾ ಹೋಗುತ್ತದೆ. ಕೂಡಿದರೆ 37,198. ಇದಕ್ಕೆ 1,400 ಸೇರಿಸಿ: 38,598. ಅಂತರ ಪೂರ್ತಿ ಸಿಕ್ಕಿತು.

ಇದರ ಟಿಡಿಎಸ್ ಮಾತ್ರ ಪಾಸ್‌ಬುಕ್ಕಿನಲ್ಲಿ ಸಿಗುತ್ತದೆ, ಏಕೆಂದರೆ ಇಲ್ಲಿ ಬ್ಯಾಂಕ್ ಅದನ್ನು ಉಳಿತಾಯ ಖಾತೆಯಿಂದ ಎತ್ತಿಕೊಂಡಿದೆ: 906, 922, 938, 954, ಒಟ್ಟು 3,720. ಬಡ್ಡಿಯ ಜಮೆಯೇ ಇಲ್ಲದೆ ಟಿಡಿಎಸ್ ಖರ್ಚು ಬಿದ್ದಿದ್ದರೆ ಎಲ್ಲೋ ಒಂದು ಕೂಡುಬಡ್ಡಿಯ ಎಫ್‌ಡಿ ಇದೆ ಎಂದೇ ಅರ್ಥ. ಬೇರೆ ಕೆಲವು ಬ್ಯಾಂಕುಗಳಲ್ಲಿ ಈ ಕಡಿತ ಎಫ್‌ಡಿಯ ಬಡ್ಡಿಯಿಂದಲೇ ಆಗುತ್ತದೆ. ಆಗ ಅಸಲಿಗೆ ಸೇರುವ ಮೊತ್ತ ಕಡಿಮೆಯಾಗಿ, ನೀವು ಹಾಕಿದ ಲೆಕ್ಕಕ್ಕಿಂತ ಪ್ರಮಾಣಪತ್ರದ ಬಡ್ಡಿ ಸ್ವಲ್ಪ ತಗ್ಗಿರುತ್ತದೆ. ಅದು ತಪ್ಪಲ್ಲ.

ಕೂಡುಬಡ್ಡಿಯ ಎಫ್‌ಡಿಯನ್ನು ಒಂದೇ ವರ್ಷದ ಪ್ರಮಾಣಪತ್ರ ಹಿಡಿದು ಪರೀಕ್ಷಿಸಿದರೆ ಸಾಲದು. ಎಫ್‌ಡಿಯ ಅವಧಿಯ ಎಲ್ಲ ವರ್ಷಗಳ ಪ್ರಮಾಣಪತ್ರಗಳಲ್ಲಿ ಆ ಎಫ್‌ಡಿ ಸಂಖ್ಯೆಯ ಎದುರಿಗಿರುವ ಬಡ್ಡಿಯನ್ನು ಕೂಡಿದಾಗ, ಅವಧಿ ಮುಗಿದಾಗ ಸಿಗುವ ಮೊತ್ತದಿಂದ ಅಸಲು ಕಳೆದಷ್ಟೇ ಬರಬೇಕು. ಇಲ್ಲಿ ಅವಧಿ ಮುಗಿದಾಗ ಸಿಗುವುದು 5,74,441, ಅಂದರೆ ಬಡ್ಡಿ 74,441. ಅದು 2023-24ಕ್ಕೆ 17,653, 2024-25ಕ್ಕೆ 37,198, 2025-26ಕ್ಕೆ 19,590 ಎಂದು ಹಂಚಿಹೋಗುತ್ತದೆ. ಪ್ರತಿ ಎಫ್‌ಡಿಗೂ ಹೀಗೊಂದು ಸಾಲು ಬರೆದಿಟ್ಟುಕೊಂಡರೆ, ಮೂರನೆಯ ವರ್ಷ ಪಾಸ್‌ಬುಕ್ಕಿಗೆ ದೊಡ್ಡ ಮೊತ್ತ ಬಂದಾಗ 74,441ನ್ನೂ ಮತ್ತೆ ಆದಾಯವೆಂದು ತೋರಿಸಿ ಎರಡು ಬಾರಿ ತೆರಿಗೆ ಕಟ್ಟುವ ಪ್ರಮೇಯ ಬರುವುದಿಲ್ಲ.

ಬಡ್ಡಿ ಕೈಗೆ ಬಂದ ವರ್ಷವೇ ತೋರಿಸುತ್ತೇನೆ ಎನ್ನುವವರಿಗೂ ಕಾನೂನಿನಲ್ಲಿ ಅವಕಾಶವಿದೆ, ವರ್ಷದಿಂದ ವರ್ಷಕ್ಕೆ ಅದೇ ಕ್ರಮಕ್ಕೆ ಅಂಟಿಕೊಂಡಿರಬೇಕು ಅಷ್ಟೆ. ಆದರೆ ಆಗ ಪ್ರತಿ ವರ್ಷ ಕಡಿತವಾದ ಟಿಡಿಎಸ್ಸನ್ನು ಆ ವರ್ಷ ಕೇಳುವಂತಿಲ್ಲ. ಬಡ್ಡಿಯನ್ನು ಯಾವ ವರ್ಷ ಆದಾಯವಾಗಿ ತೋರಿಸುತ್ತೀರೋ ಆ ವರ್ಷಕ್ಕೆ ಟಿಡಿಎಸ್ಸನ್ನೂ ಮುಂದಕ್ಕೆ ಒಯ್ಯಬೇಕು. ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಬ್ಯಾಂಕ್ ಪ್ರತಿ ವರ್ಷದ ಬಡ್ಡಿಯನ್ನೂ ವರದಿ ಮಾಡಿರುವುದರಿಂದ ವಿವರಣೆ ಕೇಳುವ ಸಂದೇಶ ಬರುವ ಸಾಧ್ಯತೆಯೂ ಇದೆ. ಸಂಬಳ ಇಲ್ಲವೇ ಪಿಂಚಣಿಯ ಜೊತೆ ನಾಲ್ಕೈದು ಎಫ್‌ಡಿ ಇರುವವರಿಗೆ ವರ್ಷವರ್ಷದ ಬಡ್ಡಿಯನ್ನು ಆಯಾ ವರ್ಷವೇ ತೋರಿಸುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂದಿನ ತಾಳೆ 26ಎಎಸ್ ಜೊತೆ. ಅಲ್ಲಿ ಬ್ಯಾಂಕಿನ ಹೆಸರಿನ ಕೆಳಗೆ ನಾಲ್ಕು ತ್ರೈಮಾಸಿಕಗಳ ಬಡ್ಡಿ 12,559, 12,717, 12,879, 13,043 ಎಂದಿದೆ. ಒಟ್ಟು 51,198, ಟಿಡಿಎಸ್ 5,120. ಪಾಸ್‌ಬುಕ್‌ನಿಂದ ಸಿಕ್ಕ 1,400 ಮತ್ತು 3,720 ಸೇರಿದರೂ ಅದೇ 5,120. ಪ್ರಮಾಣಪತ್ರದ ಒಟ್ಟು ಮೊತ್ತಕ್ಕಿಂತ 26ಎಎಸ್ 4,800 ಕಡಿಮೆ ತೋರಿಸುವುದು ಸಹಜ, ಉಳಿತಾಯ ಖಾತೆಯ ಬಡ್ಡಿಗೆ ಟಿಡಿಎಸ್ ಇಲ್ಲ. ಆ 4,800 ಎಐಎಸ್‌ನಲ್ಲಿ `SFT-016(SB)` ಎಂಬ ಸಾಲಿನಲ್ಲಿ ಬರುತ್ತದೆ. ಎಫ್‌ಡಿ ಬಡ್ಡಿ `SFT-016(TD)` ಸಾಲಿನಲ್ಲೂ `TDS-194A` ಸಾಲಿನಲ್ಲೂ ಎರಡು ಕಡೆ ಕಾಣಿಸಿಕೊಳ್ಳಬಹುದು. ಅದು ಒಂದೇ ಹಣ, ಎರಡನ್ನೂ ಕೂಡಬಾರದು.

ಇಷ್ಟಾದ ಮೇಲೆ ರಿಟರ್ನ್ ತುಂಬುವುದು ಸಲೀಸು. ಇತರ ಮೂಲಗಳ ಆದಾಯದಲ್ಲಿ ಉಳಿತಾಯ ಖಾತೆಯ ಬಡ್ಡಿ 4,800, ಠೇವಣಿ ಬಡ್ಡಿ 51,198 ಎಂದು ಬೇರೆ ಬೇರೆ ಸಾಲುಗಳಲ್ಲಿ ಹೋಗಬೇಕು. ಬೇರೆ ಇಡಲು ಕಾರಣವಿದೆ: ಹಳೆಯ ಪದ್ಧತಿಯಲ್ಲಿ 80ಟಿಟಿಎ ಅಡಿ 10,000 ರೂಪಾಯಿವರೆಗಿನ ವಿನಾಯಿತಿ ಸಿಗುವುದು ಉಳಿತಾಯ ಖಾತೆಯ ಬಡ್ಡಿಗೆ ಮಾತ್ರ. ಆದ್ದರಿಂದ ಇಲ್ಲಿ ಕೇಳಬಹುದಾದದ್ದು 4,800. ಉಳಿದ 5,200ನ್ನು ಎಫ್‌ಡಿ ಬಡ್ಡಿಯಿಂದ ತುಂಬಿಕೊಳ್ಳಲು ಬರುವುದಿಲ್ಲ. ಅರವತ್ತು ದಾಟಿದವರಿಗೆ 80ಟಿಟಿಬಿ ಅಡಿ ಎರಡೂ ಬಗೆಯ ಬಡ್ಡಿ ಸೇರಿ 50,000ದವರೆಗೆ ಸಿಗುತ್ತದೆ. ಹೊಸ ಪದ್ಧತಿಯಲ್ಲಿ ಇವೆರಡೂ ಇಲ್ಲ.

ತಾಳೆ ಬೀಳದಿದ್ದರೆ ನಾನು ಮೊದಲು ನೋಡುವುದು ಗ್ರಾಹಕ ಸಂಖ್ಯೆಯನ್ನು. ಪ್ರಮಾಣಪತ್ರ ಹುಟ್ಟುವುದು ಅದರ ಆಧಾರದ ಮೇಲೆ. ಒಬ್ಬರದೇ ಹೆಸರಿನಲ್ಲಿ ಎರಡು ಶಾಖೆಗಳಲ್ಲಿ ಎರಡು ಗ್ರಾಹಕ ಸಂಖ್ಯೆಗಳಿದ್ದರೆ ಒಂದರ ಎಫ್‌ಡಿ ಇನ್ನೊಂದರ ಪ್ರಮಾಣಪತ್ರದಲ್ಲಿ ಬರುವುದಿಲ್ಲ. ಆದರೆ ಪಾನ್ ಒಂದೇ ಆದ್ದರಿಂದ ಎಐಎಸ್‌ನಲ್ಲಿ ಎರಡೂ ಬರುತ್ತವೆ. ಎಐಎಸ್‌ನ ಮೊತ್ತ ಪ್ರಮಾಣಪತ್ರಕ್ಕಿಂತ ಹೆಚ್ಚಿದ್ದರೆ ಇದೇ ಕಾರಣವಿರಬಹುದು. ಜಂಟಿ ಠೇವಣಿಯಾದರೆ ಮೊದಲ ಹೆಸರಿನವರ ಪಾನ್ ಮೇಲೆ ವರದಿಯಾಗಿರುತ್ತದೆ.

ಅವಧಿಗೆ ಮುಂಚೆ ಎಫ್‌ಡಿ ಮುರಿಸಿದರೆ ಮೇಲೆ ಹೇಳಿದ ವರ್ಷಗಳ ಕೂಡುವಿಕೆ ಹೊಂದುವುದಿಲ್ಲ. ಇದೇ 5 ಲಕ್ಷದ ಎಫ್‌ಡಿಯನ್ನು ಹದಿನೆಂಟು ತಿಂಗಳಿಗೇ ಮುರಿಸಿ, ದಂಡ ಕಳೆದು ಶೇ. 6ರಂತೆ ಬಡ್ಡಿ ಕೊಟ್ಟರೆಂದುಕೊಳ್ಳಿ. ಸಿಗುವ ಬಡ್ಡಿ 46,722, ಆದರೆ ಹಿಂದಿನ ಎರಡು ವರ್ಷಗಳ ಪ್ರಮಾಣಪತ್ರಗಳಲ್ಲಿ ಈಗಾಗಲೇ 54,851 ಬಂದಿರುತ್ತದೆ. 8,129 ಹೆಚ್ಚಾಯಿತು. ಎಫ್‌ಡಿ ಮುರಿಸಿದ ದಿನವೇ ಬಡ್ಡಿ ಲೆಕ್ಕದ ಚೀಟಿ ಕೇಳಿ ಪಡೆಯಿರಿ, ಈ ವ್ಯತ್ಯಾಸಕ್ಕೆ ಇರುವ ದಾಖಲೆ ಅದೊಂದೇ.

ನಿಜವಾಗಿಯೂ ಬ್ಯಾಂಕಿನದೇ ತಪ್ಪು ಎಂದಾದರೆ ತಿದ್ದಿದ ಪ್ರಮಾಣಪತ್ರ ಪಡೆದರಷ್ಟೇ ಸಾಲದು. ಬ್ಯಾಂಕ್ ತನ್ನ ಟಿಡಿಎಸ್ ವಿವರವನ್ನೂ ತಿದ್ದಿ ಸಲ್ಲಿಸಿದರೆ ಮಾತ್ರ 26ಎಎಸ್ ಬದಲಾಗುತ್ತದೆ. ಶಾಖೆಗೆ ಬರೆಯುವ ಪತ್ರದಲ್ಲಿ ಎಫ್‌ಡಿ ಸಂಖ್ಯೆ, ತ್ರೈಮಾಸಿಕ, ಇರಬೇಕಾದ ಮೊತ್ತ, ಇರುವ ಮೊತ್ತ ಇಷ್ಟನ್ನೂ ಬರೆಯಿರಿ. ಎಐಎಸ್‌ನಲ್ಲೂ ಆ ಸಾಲಿನ ಎದುರು ಮಾಹಿತಿ ಸರಿಯಿಲ್ಲ ಎಂದು ದಾಖಲಿಸಬಹುದು.

2025-26ರ ಲೆಕ್ಕಕ್ಕೆ ಒಂದು ಬದಲಾವಣೆ ಗಮನದಲ್ಲಿರಲಿ. ಟಿಡಿಎಸ್ ಮಿತಿ 1 ಏಪ್ರಿಲ್ 2025ರಿಂದ 40,000ದಿಂದ 50,000ಕ್ಕೆ ಏರಿದೆ, ಹಿರಿಯ ನಾಗರಿಕರಿಗೆ 50,000ದಿಂದ 1 ಲಕ್ಷಕ್ಕೆ. ನಮ್ಮ ವ್ಯಕ್ತಿ ಹೊಸ ಠೇವಣಿ ಇಡದಿದ್ದರೆ ಆ ವರ್ಷದ ಎಫ್‌ಡಿ ಬಡ್ಡಿ 19,590 ಮತ್ತು 14,000 ಸೇರಿ 33,590. ಬ್ಯಾಂಕ್ ಏನನ್ನೂ ಕಡಿಯುವಂತಿಲ್ಲ, 26ಎಎಸ್‌ನಲ್ಲಿ ಕಡಿತದ ಸಾಲೂ ಇರುವುದಿಲ್ಲ. 33,590ಕ್ಕೆ ತೆರಿಗೆ ಮಾತ್ರ ಇದ್ದೇ ಇದೆ.