ಟ್ಯಾಂಕಿನ ಲೆವೆಲ್ ಏರಿಳಿಯಲಿ, ಹೊರಹರಿವು ನಿಧಾನವಾಗಿ ಬದಲಾಗಲಿ

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿ ಬೇಯಿಸುವ ಅಕ್ಕಿ ಮಿಲ್ಲುಗಳಿವೆ. ನೆನೆಸಿದ ತೊಟ್ಟಿಯನ್ನು ಖಾಲಿ ಮಾಡಿದಾಗ ಕಂದು ಬಣ್ಣದ ನೀರು ಒಮ್ಮೆಲೇ ಹೊರಬೀಳುತ್ತದೆ. ಆಮೇಲೆ ಗಂಟೆಗಟ್ಟಲೆ ಬರೀ ತೊಳೆದ ನೀರು. ಈ ಏರುಪೇರನ್ನು ನುಂಗಿಕೊಳ್ಳಲೆಂದೇ ಕೊಳೆನೀರು ಶುದ್ಧೀಕರಿಸುವ ಘಟಕವಾದ ಇಟಿಪಿಯ ಮುಂದೆ ಒಂದು ಈಕ್ವಲೈಸೇಶನ್ ಟ್ಯಾಂಕ್ ಕಟ್ಟಿರುತ್ತಾರೆ. ಅಲ್ಲಿಂದ ಪಂಪು ನೀರನ್ನು ಏರೇಶನ್ ಟ್ಯಾಂಕಿಗೆ ಕಳಿಸುತ್ತದೆ. ಹರಿವು ಹಠಾತ್ತನೆ ಹೆಚ್ಚಿದರೆ ಮುಂದಿನ ಕ್ಲಾರಿಫೈಯರಿನಲ್ಲಿ ತಳಕ್ಕೆ ಕೂತ ಕೆಸರು ಎದ್ದು ನೀರಿನ ಜೊತೆ ಹೊರಗೆ ಹೋಗುತ್ತದೆ.

ಆದರೆ ಎಷ್ಟೋ ಕಡೆ ಈ ಟ್ಯಾಂಕಿನ ಲೆವೆಲ್ ಕಂಟ್ರೋಲರನ್ನು 50% ಗೆರೆ ಬಿಟ್ಟು ಅಲುಗಾಡದಂತೆ ಬಿಗಿಯಾಗಿ ಹೊಂದಿಸಿರುತ್ತಾರೆ. ಪರದೆಯ ಮೇಲೆ ಲೆವೆಲ್ ನೇರ ಗೆರೆಯಾಗಿ ಕಂಡರೆ ಎಲ್ಲರಿಗೂ ಸಮಾಧಾನ. ಲೆವೆಲ್ ಅಲುಗಾಡದಿದ್ದರೆ ಬಂದ ನೀರು ಬಂದ ಹಾಗೆಯೇ ಹೊರಗೆ ಹೋಗುತ್ತಿದೆ ಎಂದರ್ಥ. ಟ್ಯಾಂಕು ಇದ್ದೂ ಇಲ್ಲದಂತೆ. ಇಲ್ಲಿ ಲೆವೆಲ್ ಓಡಾಡಲೇಬೇಕು. ತುಂಬಿ ಚೆಲ್ಲಬಾರದು, ಪಂಪು ಒಣಗಬಾರದು, ಅಷ್ಟೇ. ಅದಕ್ಕೆ ಲೆವೆಲ್ ಎಷ್ಟು ಸರಿಯಿತೋ ಅದೇ ಪ್ರಮಾಣದಲ್ಲಿ ಪಂಪನ್ನು ಬದಲಿಸುವ ಪ್ರಪೋರ್ಷನಲ್ ಮಾತ್ರ ಇಟ್ಟು ಟ್ಯೂನ್ ಮಾಡುವುದು ಹೇಗೆಂದು ನೋಡೋಣ.

ಎಲ್ಲ ಟ್ಯಾಂಕಿಗೂ ಈ ಮಾತು ಸಲ್ಲದು. ಶಕ್ತಿನಗರದ ವಿದ್ಯುತ್ ಸ್ಥಾವರ ಆರ್‌ಟಿಪಿಎಸ್‌ನಂಥ ಕಡೆ ಬಾಯ್ಲರ್ ಡ್ರಮ್ಮಿನ ನೀರನ್ನು ಹೀಗೆ ಓಡಾಡಲು ಬಿಡುವಂತಿಲ್ಲ. ಅಲ್ಲಿ ಲೆವೆಲ್ಲೇ ಮುಖ್ಯ. ನಡುವೆ ನೀರು ಹಿಡಿದಿಡಲೆಂದೇ ಕಟ್ಟಿದ ಟ್ಯಾಂಕಿಗೆ ಮಾತ್ರ ಈ ವಿಧಾನ.

ಮೊದಲು ಅಳತೆ

ಉದಾಹರಣೆಗೆ ಒಂದು ಟ್ಯಾಂಕ್ ತೆಗೆದುಕೊಳ್ಳೋಣ. ಲೆವೆಲ್ ಟ್ರಾನ್ಸ್‌ಮಿಟರ್ ತೋರಿಸುವ 0%ರಿಂದ 100%ರ ನಡುವೆ 60 ಸಾವಿರ ಲೀಟರ್ ಹಿಡಿಯುತ್ತದೆ. ಪಂಪು ಹೆಚ್ಚೆಂದರೆ ಗಂಟೆಗೆ 20 ಸಾವಿರ ಲೀಟರ್ ಎತ್ತುತ್ತದೆ. ಸಾಮಾನ್ಯ ಒಳಹರಿವು ಗಂಟೆಗೆ 10 ಸಾವಿರ ಲೀಟರ್. ಒಂದು ತೊಟ್ಟಿ ಬಿಟ್ಟರೆ ಒಂದು ಗಂಟೆಯಲ್ಲಿ 15 ಸಾವಿರ ಲೀಟರ್ ಹೆಚ್ಚುವರಿ ಬರುತ್ತದೆ. ಡ್ರಾಯಿಂಗಿನಲ್ಲಿ ಬರೆದ ಟ್ಯಾಂಕಿನ ಪೂರ್ತಿ ಸಾಮರ್ಥ್ಯವನ್ನು ಹಿಡಿಯಬೇಡಿ, ಟ್ರಾನ್ಸ್‌ಮಿಟರ್ ಅಳೆಯುವ ಭಾಗವನ್ನೇ ಹಿಡಿಯಿರಿ. ಅಂಬಲಿಯಂಥ ಈ ನೀರಿನಲ್ಲಿ ನೊರೆ ಜಾಸ್ತಿ. ಮೇಲಿನಿಂದ ನೋಡುವ ಅಲ್ಟ್ರಾಸಾನಿಕ್ ಮೀಟರ್ ನೊರೆಗೆ ಮೋಸಹೋಗುತ್ತದೆ. ತಳದ ಒತ್ತಡ ಅಳೆಯುವ ಮೀಟರ್ ವಾಸಿ.

ಗೇನ್ ಮತ್ತು ಬಯಾಸ್

ಈಗ ಎರಡು ಗಡಿ ಹಾಕಿಕೊಳ್ಳಿ. ಲೆವೆಲ್ 10%ಕ್ಕೆ ಇಳಿದಾಗ ಹೊರಹರಿವು ಸೊನ್ನೆಯಾಗಬೇಕು, 90%ಕ್ಕೆ ಏರಿದಾಗ ಪೂರ್ತಿಯಾಗಬೇಕು. ಅಂದರೆ 80% ಲೆವೆಲ್ ಓಡಾಟಕ್ಕೆ 100% ಔಟ್‌ಪುಟ್. 100ನ್ನು 80ರಿಂದ ಭಾಗಿಸಿದರೆ ಗೇನ್ 1.25. ಕಂಟ್ರೋಲರ್ ಗೇನ್ ಬದಲು ಪ್ರಪೋರ್ಷನಲ್ ಬ್ಯಾಂಡ್ ಕೇಳಿದರೆ 80% ಕೊಡಿ. ಸೆಟ್‌ಪಾಯಿಂಟ್ 50, ಲೆವೆಲ್ ಅಲ್ಲಿದ್ದಾಗಿನ ಔಟ್‌ಪುಟ್ ಆದ ಬಯಾಸ್ 50. OP ಎಂದರೆ ಔಟ್‌ಪುಟ್, PV ಎಂದರೆ ಅಳೆದ ಲೆವೆಲ್:

```
OP = 50 + 1.25 × (PV − 50)
```

ಲೆವೆಲ್ ಏರಿದರೆ ಔಟ್‌ಪುಟ್ ಏರಬೇಕು, ಆದ್ದರಿಂದ ಆಕ್ಷನ್ ಡೈರೆಕ್ಟ್ ಇರಬೇಕು. ಅದು ರಿವರ್ಸ್ ಇದ್ದರೆ ಟ್ಯಾಂಕ್ ತುಂಬಿದಷ್ಟೂ ಪಂಪಿನ ವೇಗ ಇಳಿದು ಟ್ಯಾಂಕಿನ ನೀರು ಚೆಲ್ಲುತ್ತದೆ.

ಈ ಔಟ್‌ಪುಟ್ಟನ್ನು ಪಂಪಿನ ವೇಗ ಬದಲಿಸುವ ವಿಎಫ್‌ಡಿಗೆ ನೇರವಾಗಿ ಕೊಡುವುದಕ್ಕಿಂತ, ಫ್ಲೋ ಮೀಟರ್ ಇದ್ದರೆ, ಫ್ಲೋ ಕಂಟ್ರೋಲರಿನ ಸೆಟ್‌ಪಾಯಿಂಟ್ ಆಗಿ ಕೊಡುವುದು ಒಳ್ಳೆಯದು. ನೀರನ್ನು ಎತ್ತರಕ್ಕೆ ಎತ್ತುವ ಪಂಪು ಒಂದು ವೇಗಕ್ಕಿಂತ ಕೆಳಗೆ ತಿರುಗುತ್ತದೆಯೇ ಹೊರತು ನೀರು ಕೊಡುವುದಿಲ್ಲ. 30% ವೇಗ ಎಂದರೆ 30% ಹರಿವು ಅಲ್ಲ.

ತೊಟ್ಟಿ ಬಿಟ್ಟಾಗ ಏನಾಗುತ್ತದೆ

60 ಸಾವಿರವನ್ನು 1.25 ಮತ್ತು 20 ಸಾವಿರದ ಗುಣಲಬ್ಧದಿಂದ ಭಾಗಿಸಿ, 2.4 ಗಂಟೆ ಬರುತ್ತದೆ. ಒಳಹರಿವು ಬದಲಾದರೆ ಹೊರಹರಿವು ಅದರ ಮೂರರಲ್ಲಿ ಎರಡು ಪಾಲಿನಷ್ಟು ಬದಲಾಗಲು ಬೇಕಾಗುವ ಸಮಯ ಸುಮಾರು ಇಷ್ಟು. ತೊಟ್ಟಿ ಬಿಟ್ಟಾಗ ಒಳಹರಿವು ಗಂಟೆಗೆ 10ರಿಂದ 25 ಸಾವಿರಕ್ಕೆ ಜಿಗಿಯುತ್ತದೆ. ಒಂದು ಗಂಟೆಯ ಕೊನೆಗೆ ಲೆವೆಲ್ 50ರಿಂದ ಸುಮಾರು 70%ಕ್ಕೆ ಏರಿರುತ್ತದೆ, ಹೊರಹರಿವು ಮೆಲ್ಲಗೆ 15 ಸಾವಿರ ಮುಟ್ಟಿರುತ್ತದೆ. ಆಮೇಲೆ ಎರಡೂ ನಿಧಾನವಾಗಿ ಇಳಿಯುತ್ತವೆ. ಇದೇ ಟ್ಯಾಂಕಿಗೆ ಗೇನ್ 10 ಇಟ್ಟಿದ್ದರೆ ಲೆವೆಲ್ ಬರೀ 5% ಏರುವಷ್ಟರಲ್ಲಿ, ಇಪ್ಪತ್ತೇ ನಿಮಿಷಕ್ಕೆ, ಪಂಪು ಪೂರ್ತಿ ವೇಗಕ್ಕೆ ಹೋಗಿರುತ್ತಿತ್ತು.

ಇಂಟಿಗ್ರಲ್ ಯಾಕೆ ಬೇಡ

ಒಳಹರಿವು ದಿನವಿಡೀ 15 ಸಾವಿರವೇ ಆದರೆ ಲೆವೆಲ್ 70%ರಲ್ಲಿ ನಿಲ್ಲುತ್ತದೆ, 50ಕ್ಕೆ ಮರಳುವುದಿಲ್ಲ. ಇದನ್ನು ಕಂಡು ಕಂಟ್ರೋಲರ್ ಕೆಟ್ಟಿದೆ ಎಂದುಕೊಂಡು, ಲೆವೆಲ್ಲನ್ನು ಸೆಟ್‌ಪಾಯಿಂಟಿಗೇ ಎಳೆದುತರುವ ಇಂಟಿಗ್ರಲ್ ಸೇರಿಸುವವರೇ ಹೆಚ್ಚು. ಕೊಂಚ ಯೋಚಿಸಿ: ಲೆವೆಲ್ 50ಕ್ಕೆ ಮರಳಬೇಕಾದರೆ ನಿಂತ ನೀರನ್ನು ಹೊರಹಾಕಬೇಕು, ಅದಕ್ಕೆ ಹೊರಹರಿವು ಒಳಹರಿವನ್ನೂ ಮೀರಬೇಕು. ಅಂದರೆ ಬಂದದ್ದಕ್ಕಿಂತ ದೊಡ್ಡ ಹೊಡೆತವನ್ನು ನಾವೇ ಮುಂದಕ್ಕೆ ಕಳಿಸುತ್ತೇವೆ. ಪ್ರಪೋರ್ಷನಲ್ ಮಾತ್ರ ಇದ್ದರೆ ಹೊರಹರಿವು ಒಳಹರಿವಿನ ಹೊಸ ಮಟ್ಟವನ್ನು ದಾಟುವುದೇ ಇಲ್ಲ.

ಗೇನ್ ತಗ್ಗಿಸಿ ಇಂಟಿಗ್ರಲನ್ನು ಕೆಲವೇ ನಿಮಿಷಕ್ಕೆ ಬಿಟ್ಟರಂತೂ ಲೆವೆಲ್ ಉಯ್ಯಾಲೆಯಾಡುತ್ತದೆ. ನಮ್ಮ ಈ ಟ್ಯಾಂಕಿನಲ್ಲಿ ತೂಗಾಟ ಬಾರದಿರಲು ಇಂಟಿಗ್ರಲ್ ಸಮಯ ಹತ್ತಿರಹತ್ತಿರ 10 ಗಂಟೆ ಇರಬೇಕಾಗುತ್ತದೆ! ಅದಕ್ಕಿಂತ ಆಫ್ ಮಾಡುವುದೇ ಲೇಸು. ಕೆಲವು ಕಂಟ್ರೋಲರುಗಳಲ್ಲಿ I ಸೊನ್ನೆ ಎಂದರೆ ಆಫ್, ಕೆಲವದರಲ್ಲಿ ಅತಿ ದೊಡ್ಡ ಅಂಕಿ ಹಾಕಬೇಕು. ಮ್ಯಾನ್ಯುಯಲ್ ಪುಸ್ತಕ ನೋಡದೆ ಕೈಹಾಕಬೇಡಿ.

ಆಟೋಗೆ ಹಾಕುವ ಮುನ್ನ

ಹೆಚ್ಚು ಜನ ಎಡವುವುದು ಇಲ್ಲಿ. ಮ್ಯಾನ್ಯುಯಲ್‌ನಿಂದ ಆಟೋಗೆ ಹೋಗುವಾಗ ಔಟ್‌ಪುಟ್ ಜಿಗಿಯದಿರಲೆಂದು ಕೆಲವು ಕಂಟ್ರೋಲರುಗಳು ಬಯಾಸನ್ನು ತಾವೇ ಬದಲಿಸಿಕೊಳ್ಳುತ್ತವೆ. ಲೆವೆಲ್ 80%, ಔಟ್‌ಪುಟ್ 40% ಇದ್ದಾಗ ಆಟೋ ಒತ್ತಿದಿರಿ ಎನ್ನಿ. ಸೂತ್ರದ ಪ್ರಕಾರ ಔಟ್‌ಪುಟ್ 87.5 ಆಗಬೇಕಿತ್ತು. ಅದನ್ನು 40ರಲ್ಲೇ ಉಳಿಸಿಕೊಳ್ಳಲು ಕಂಟ್ರೋಲರ್ ಬಯಾಸನ್ನು 50ರಿಂದ 2.5ಕ್ಕೆ ಇಳಿಸುತ್ತದೆ. ಇನ್ನು ಲೆವೆಲ್ 100% ಆದರೂ ಪಂಪು 65% ಮಾತ್ರ. ಮುಂದಿನ ತೊಟ್ಟಿ ಬಿಟ್ಟಾಗ ಟ್ಯಾಂಕ್ ಚೆಲ್ಲುವುದು ಖಂಡಿತ. ಮ್ಯಾನ್ಯುಯಲ್‌ನಲ್ಲಿರುವಾಗ ಸೆಟ್‌ಪಾಯಿಂಟ್ ಲೆವೆಲ್ಲಿನ ಹಿಂದೆ ಓಡುವ ಆಯ್ಕೆಯೂ ಇಂಥದ್ದೇ ತೊಂದರೆ ಮಾಡುತ್ತದೆ. ಎರಡನ್ನೂ ಆಫ್ ಮಾಡಿ. ಬಯಾಸ್ ಬದಲಾಗುವುದನ್ನು ತಡೆಯಲಾಗದಿದ್ದರೆ, ಮೊದಲು ಸೂತ್ರದಿಂದ ಬಂದ ಔಟ್‌ಪುಟ್ಟನ್ನು ಮ್ಯಾನ್ಯುಯಲ್‌ನಲ್ಲಿ ಕೊಟ್ಟು, ಸೆಟ್‌ಪಾಯಿಂಟ್ 50 ಇದೆಯೆಂದು ನೋಡಿ ಆಟೋ ಒತ್ತಿ. ರಾತ್ರಿ ಪಾಳಿಯವರಿಗಾಗಿ ಲೆವೆಲ್ 30, 50, 70, 90ಕ್ಕೆ ಔಟ್‌ಪುಟ್ 25, 50, 75, 100 ಎಂದು ಬರೆದು ಪ್ಯಾನೆಲ್ಲಿಗೆ ಅಂಟಿಸಿ. ಅಂಕಿ ಹೊಂದದಿದ್ದರೆ ಬಯಾಸ್ ಜಾರಿದೆ ಎಂದು ಅವರಿಗೇ ತಿಳಿಯುತ್ತದೆ.

ಎರಡು ದಿನದ ಟ್ರೆಂಡ್ ತೆಗೆದು ನೋಡಿ. ಲೆವೆಲ್ ಅಗಲವಾಗಿ ಓಡಾಡುತ್ತಿದ್ದು ಹೊರಹರಿವು ಚಪ್ಪಟೆಯಾದ ದಿಬ್ಬದಂತೆ ಕಂಡರೆ ಟ್ಯೂನಿಂಗ್ ಸರಿಯಿದೆ. ಒಳಹರಿವು ಸ್ಥಿರವಿದ್ದಾಗಲೂ ಲೆವೆಲ್ ಅಲೆಯಾಡುತ್ತಿದ್ದರೆ ಇಂಟಿಗ್ರಲ್ ಎಲ್ಲೋ ಉಳಿದುಕೊಂಡಿದೆ.

ಎರಡು ತೊಟ್ಟಿಗಳನ್ನು ಒಟ್ಟಿಗೆ ಬಿಟ್ಟರೆ ಲೆವೆಲ್ 90%ರ ಆಸುಪಾಸಿಗೆ ಹೋಗಿ ಪಂಪು ಪೂರ್ತಿ ಓಡುತ್ತದೆ. ಒಂದು ಮುಗಿದು ಒಂದೂವರೆ ಗಂಟೆಯ ಮೇಲೆ ಇನ್ನೊಂದನ್ನು ಬಿಟ್ಟರೆ 78% ದಾಟದು. ಮೂರನ್ನೂ ಒಟ್ಟಿಗೆ ಬಿಟ್ಟರೆ ಟ್ಯಾಂಕ್ ಚೆಲ್ಲುತ್ತದೆ. ಅದನ್ನು ಗೇನ್ ತಿರುಗಿಸಿ ಸರಿಪಡಿಸಲು ಹೋಗಬೇಡಿ. ತೊಟ್ಟಿ ಬಿಡುವ ವೇಳೆಯನ್ನು ಮಿಲ್ಲಿನವರ ಜೊತೆ ಕೂತು ಗೊತ್ತುಮಾಡಿಕೊಳ್ಳಿ.