ಸಂಬಳದ ಸ್ಲಿಪ್‌ನ ಫೋಟೊದಿಂದ ಗಳಿಕೆ, ಕಡಿತ, ನಿವ್ವಳ ಬಿಡಿಸಿದ ಬಗೆ: ನನ್ನ ಅನುಭವ

ಫೋಟೊದಲ್ಲಿರುವ ಸ್ಲಿಪ್‌ನಿಂದ ಗಳಿಕೆ ಒಂದು ಕಡೆ, ಕಡಿತ ಒಂದು ಕಡೆ ನಂಬಿಕೆಗೆ ಅರ್ಹವಾಗಿ ಬರುವುದೇ ಇಲ್ಲ, ದುಡ್ಡು ಕೊಟ್ಟು ದೊಡ್ಡ ಸೇವೆ ಕೊಳ್ಳಿ ಎಂದು ಜೊತೆಯವರೆಲ್ಲ ಹೇಳಿದ್ದರು. ಕೊಂಡೂ ನೋಡಿದೆವು. ಪುಟಕ್ಕೆ ಇಷ್ಟು ಎಂದು ಬಿಲ್ ಬರುತ್ತಿತ್ತು, ಮಸುಕಾದ ಫೋಟೊ ಮತ್ತೆ ಕಳಿಸಿದರೆ ಮತ್ತೆ ದುಡ್ಡು. ಈಗ ಅದೇ ಕೆಲಸ ಫೋಟೊದಿಂದ ಅಕ್ಷರ ಓದುವ ಓಸಿಆರ್ ತಂತ್ರಾಂಶ ಟೆಸರಾಕ್ಟ್ ಮತ್ತು ಚಿತ್ರ ತಿದ್ದುವ ಓಪನ್‌ಸಿವಿ ಇಟ್ಟುಕೊಂಡು ನಡೆಯುತ್ತಿದೆ. ಹತ್ತರಲ್ಲಿ ಎಂಟೊಂಬತ್ತು ಸ್ಲಿಪ್ ಯಾರೂ ಮುಟ್ಟದೆ ಸರಿಯಾಗಿ ಹೊರಬರುತ್ತವೆ, ಬಿಲ್ ಮೂರರಲ್ಲಿ ಒಂದು ಪಾಲಿಗಿಂತ ಕೆಳಗಿದೆ.

ತೊಂದರೆಯ ಮೂಲ ನಿಮಗೆ ಗೊತ್ತೇ ಇದೆ. ಗಳಿಕೆ ಎಡಕ್ಕೆ, ಕಡಿತ ಬಲಕ್ಕೆ, ಎರಡೂ ಒಂದೇ ಸಾಲಿನಲ್ಲಿ. ಓಸಿಆರ್ ಅದನ್ನು `Basic 24,000.00 PF 2,880.00` ಎಂದು ಒಂದೇ ಉಸಿರಿಗೆ ಓದುತ್ತದೆ. ಎರಡನ್ನೂ ಬೇರೆ ಮಾಡಲು ಮೊದಲು ಪುಟವನ್ನು ನಡುವೆ ಕತ್ತರಿಸಿ ನೋಡಿದೆ. ನಡುಗೆರೆ ಯಾವ ಸ್ಲಿಪ್‌ನಲ್ಲೂ ನಡುವೆ ಇರುವುದಿಲ್ಲ. ಕಂಪನಿಗೊಂದು ಟೆಂಪ್ಲೇಟ್ ಮಾಡಿದೆ. ಹಳೆಯ ಕಂಪನಿಗಳೇ ನಮೂನೆ ಬದಲಿಸಿದಾಗ ವಾರಗಟ್ಟಲೆ ಕೂಲಿ ಅದಕ್ಕೇ ಹೋಯಿತು. ಫೋಟೊವನ್ನು ಎರಡು ಪಟ್ಟು ಹಿಗ್ಗಿಸುವ ಪ್ರಯೋಗವನ್ನೂ ಮಾಡಿದೆ. ಸಣ್ಣ ಅಕ್ಷರಕ್ಕೆ ಸಹಾಯವಾಯಿತು, ಕಾಲಂ ಗೊಂದಲಕ್ಕೆ ಏನೂ ಆಗಲಿಲ್ಲ.

ದಾರಿ ಸಿಕ್ಕಿದ್ದು ಪಠ್ಯವನ್ನು ಬಿಟ್ಟು ಪದಗಳ ಜಾಗ ಹಿಡಿದಾಗ.

```
tesseract slip.png out --psm 11 tsv
```

`--psm` ಪುಟವನ್ನು ಯಾವ ಬಗೆಯಲ್ಲಿ ಓದಬೇಕೆಂದು ಹೇಳುತ್ತದೆ. `--psm 6` ಹಾಕಿದರೆ ಟೇಬಲ್‌ನ ಗೆರೆಗಳು `|` ಆಗಿ ಅಂಕಿಗಳಿಗೆ ಅಂಟಿಕೊಂಡು ಬರುತ್ತಿದ್ದವು, ಅದಕ್ಕೇ 11. ಟಿಎಸ್‌ವಿಯಲ್ಲಿ ಸಿಗುವ `left` ಮತ್ತು `width` ಕೂಡಿಸಿದರೆ ಪದದ ಬಲ ಅಂಚು. ಮೊತ್ತಗಳನ್ನು ಬಲಕ್ಕೆ ಸರಿಸಿ ಅಚ್ಚು ಹಾಕಿರುತ್ತಾರೆ, ಹಾಗಾಗಿ 200 ಇರಲಿ 24,000 ಇರಲಿ, ಬಲ ಅಂಚು ಒಂದೇ ಕಡೆ ನಿಲ್ಲುತ್ತದೆ. ಅಂಚುಗಳನ್ನು ಗುಂಪು ಮಾಡಿದರೆ ಅಂಕಿಯ ಕಾಲಂಗಳು ತಾವೇ ಬಿಡಿಸಿಕೊಳ್ಳುತ್ತವೆ. ಪ್ರತಿ ಅಂಕಿಗೆ ಅದೇ ಸಾಲಿನಲ್ಲಿ ಎಡಕ್ಕಿರುವ ಹತ್ತಿರದ ಹೆಸರು ಸೇರುತ್ತದೆ. ಇದಕ್ಕೆ ಮೊದಲು ಓಪನ್‌ಸಿವಿಯ `warpPerspective`ನಿಂದ ಫೋಟೊ ನೇರ ಮಾಡಿರಲೇಬೇಕು, ಇಲ್ಲದಿದ್ದರೆ ಅಂಚು ಓರೆಯಾಗಿ ಎರಡು ಕಾಲಂ ಬೆರೆಯುತ್ತವೆ. ಮೂಲೆ ಕತ್ತರಿಸಿಹೋದ ಫೋಟೊದಲ್ಲಿ ನಾಲ್ಕು ಮೂಲೆ ಹುಡುಕುವ ಉಪಾಯ ನನ್ನ ಹತ್ತಿರವೇ ಇರಲಿ.

ಕೆಲವು ಸ್ಲಿಪ್‌ಗಳಲ್ಲಿ ಈ ತಿಂಗಳ ಮೊತ್ತದ ಪಕ್ಕ, ವರ್ಷದ ಆರಂಭದಿಂದ ಇಲ್ಲಿಯವರೆಗಿನ ಮೊತ್ತದ `YTD` ಕಾಲಂ ಇರುತ್ತದೆ. ಅದೂ ತನ್ನ ಒಟ್ಟಿಗೆ ಸರಿಯಾಗಿ ಕೂಡುತ್ತದೆ, ಆದ್ದರಿಂದ ಕೂಡಿಕೆ ಸರಿಬಂತೆಂದು ನಂಬಬಾರದು. ಗಳಿಕೆಯ ಒಟ್ಟಿನಿಂದ ಕಡಿತದ ಒಟ್ಟು ಕಳೆದರೆ ಅಚ್ಚಾಗಿರುವ ನಿವ್ವಳ ಬರಬೇಕು. ಆ ನಿವ್ವಳ ಅಕ್ಷರದಲ್ಲಿ ಬರೆದ ಮೊತ್ತಕ್ಕೂ ಹೊಂದಿದರೆ ಮೂರೂ ಒಟ್ಟುಗಳು ಗಟ್ಟಿ ಎಂದರ್ಥ. ಇವು ನಿಂತ ಮೇಲೆಯೇ ಒಳಗಿನ ಸಾಲುಗಳಿಗೆ ಕೈ ಹಾಕುತ್ತೇನೆ.

ಒಂದು ಸ್ಲಿಪ್ ಹೇಳುತ್ತೇನೆ. ಒಟ್ಟು ಗಳಿಕೆ 39,550, ಕಡಿತ 6,080, ನಿವ್ವಳ 33,470. ಮೂರೂ ಹೊಂದುತ್ತವೆ. ಆದರೆ ಗಳಿಕೆಯ ಸಾಲುಗಳು 24,000, 9,600, 1,600, 4,850 ಎಂದು ಓದಿ ಬಂದು, ಕೂಡಿದರೆ 40,050. ಹೆಚ್ಚಾದದ್ದು 500. ಒಂದೇ ಅಂಕಿ ತಪ್ಪಿದ್ದರೆ ನೂರರ ಸ್ಥಾನದಲ್ಲಿ ಐದು ಇಳಿಯಬೇಕು. ಆ ಸ್ಥಾನದಲ್ಲಿರುವುದು 0, 6, 6, 8. 6 ಇಳಿದು 1 ಆಗಬಹುದು, ಆದರೆ ಓಸಿಆರ್ 1ನ್ನು 6 ಎಂದು ಓದುವುದು ನಾನು ಕಂಡಂತೆ ಅಪರೂಪ. 3ನ್ನು 8 ಎಂದು ಓದುವುದು ಯಾವಾಗಲೂ ಇದ್ದದ್ದೇ. 4,350 ಇರಬೇಕೆಂದು ಆ ಚೌಕವನ್ನಷ್ಟೇ ಕತ್ತರಿಸಿ, ಅಂಕಿಗಳನ್ನು ಮಾತ್ರ ಓದುವಂತೆ ಕಟ್ಟು ಹಾಕಿ ಮತ್ತೆ ಓದಿಸಿದೆ. 4,350 ಎಂದೇ ಬಂತು. ಮರು ಓದು ಒಪ್ಪದಿದ್ದರೆ, ಅಥವಾ ಒಂದೇ ಸಮ ಅನುಮಾನ ಬರುವ ಇಬ್ಬರು ಆರೋಪಿಗಳು ಸಿಕ್ಕರೆ, ಅಂಥ ಸ್ಲಿಪ್ ಮನುಷ್ಯರ ಕೈಗೆ ಹೋಗುತ್ತದೆ. ಲೆಕ್ಕ ಕೂಡಿಸಲೆಂದು ಅಂಕಿ ತಿದ್ದುವುದು ನನ್ನಲ್ಲಿಲ್ಲ.

ಇನ್ನೊಂದು ಸುಲಭದ ಗುರುತು: ದಶಾಂಶದ ಚುಕ್ಕಿ ಬಿದ್ದುಹೋದರೆ 1,600.00 ಎಂಬುದು 1,60,000 ಆಗುತ್ತದೆ, ಹೆಚ್ಚಾದದ್ದು 1,58,400. ಅದನ್ನು 99ರಿಂದ ಭಾಗಿಸಿದರೆ 1,600, ಅಂದರೆ ತಪ್ಪಿದ ಸಾಲಿನ ನಿಜವಾದ ಮೊತ್ತವೇ. ಕಾಗದದ ಮಡಿಕೆಯಲ್ಲಿ ಮಾಯವಾದ ಚುಕ್ಕಿಗಳನ್ನು ಇದೊಂದೇ ಪರೀಕ್ಷೆ ಎಷ್ಟೋ ಸಲ ಉಳಿಸಿದೆ.

ಇದು ಸೋಲುವ ಕಡೆ ಒಂದಿದೆ. ಕಂಪನಿ ತನ್ನ ಪಾಲಿನ ಪಿಎಫ್ ಅನ್ನೂ ಕಡಿತದ ಕಾಲಂ ಕೆಳಗೇ ತೋರಿಸಿ ಒಟ್ಟಿಗೆ ಸೇರಿಸದಿದ್ದರೆ, ಕಡಿತ ಆ ಮೊತ್ತದಷ್ಟೇ ಹೆಚ್ಚಾಗಿ ಕಾಣುತ್ತದೆ. ವ್ಯತ್ಯಾಸ ಯಾವುದೋ ಒಂದು ಸಾಲಿಗೆ ಪೂರ್ತಿ ಸಮವಾಗಿದ್ದು, ಆ ಸಾಲಿನ ಹೆಸರಿನಲ್ಲಿ `Employer` ಎಂದಿದ್ದರೆ ಅದನ್ನು ಬದಿಗಿಡುತ್ತೇನೆ. ಹೆಸರು ಸ್ಪಷ್ಟವಿಲ್ಲದಿದ್ದರೆ ಅದೂ ಕೈಯಿಂದ ನೋಡುವ ಸಾಲಿಗೆ ಸೇರುತ್ತದೆ.