ಪ್ರೂಫಿನ ಅಂಚಿನಲ್ಲಿ ಕಾರಣ ಬರೆದು ಡಿಟಿಪಿ ಹುಡುಗನನ್ನು ಪಳಗಿಸಿದ್ದು: ನನ್ನ ಅನುಭವ

ಗದಗಿನ ಪ್ರೆಸ್‌ಗಳಲ್ಲಿ ಪ್ರೂಫ್ ನೋಡುವವರಿಗೆ ಈ ಕಾಟ ಗೊತ್ತೇ ಇದೆ. ಮೊದಲ ಪ್ರೂಫಿನಲ್ಲಿ ತಿದ್ದಿದ ತಪ್ಪು ಎರಡನೆಯದರಲ್ಲಿ ಹೋಗಿರುತ್ತದೆ, ಮುಂದಿನ ಫಾರಂನಲ್ಲಿ, ಅಂದರೆ ಒಟ್ಟಿಗೆ ಅಚ್ಚಾಗುವ ಮುಂದಿನ ಪುಟಗಳ ಕಂತಿನಲ್ಲಿ, ಮತ್ತೆ ಹಾಜರಾಗುತ್ತದೆ. ಕಂಪೋಸ್ ಮಾಡುವವನು ಕೆಂಪು ಗೆರೆ ನೋಡುತ್ತಾನೆ, ಟೈಪ್ ಮಾಡುತ್ತಾನೆ, ಮುಗೀತು. ಯಾಕೆ ತಿದ್ದಿದರು ಅಂತ ಅವನಿಗೆ ಯಾರೂ ಹೇಳಿರುವುದಿಲ್ಲ.

ನಮ್ಮಲ್ಲಿ ಡಿಟಿಪಿ ಮಾಡುವ ಹುಡುಗ ಕೈಯಲ್ಲಿ ಬಲು ಚುರುಕು. ಆದರೆ ಒಂದು ಪುಟಕ್ಕೆ ಹದಿನೈದು ಇಪ್ಪತ್ತು ತಪ್ಪು ಇರುತ್ತಿದ್ದವು. ಒಂದು ಸ್ಮರಣ ಸಂಚಿಕೆಯಲ್ಲಿ ‘ಅದ್ಯಕ್ಷರು’ ಅಂತ ಉಳಿದು, ಸಂಘದವರು ಸಿಟ್ಟಾಗಿ, 16 ಪುಟದ ಒಂದು ಫಾರಂ ಪೂರ್ತಿ ಮತ್ತೆ ಹೊಡೆಯಬೇಕಾಯಿತು. ಸಾವಿರ ಪ್ರತಿ. ಕಾಗದ, ಪ್ಲೇಟು, ಮಷೀನು ಎಲ್ಲ ಸೇರಿ ಐದಾರು ಸಾವಿರ ಹೋಯಿತು. ಆಮೇಲೆಯೇ ನಾನು ಪ್ರತಿ ತಿದ್ದುಪಡಿಯ ಪಕ್ಕ ಕಾರಣ ಬರೆಯಲು ಶುರು ಮಾಡಿದೆ. ಮಾಲೀಕರು, “ಪಾಠ ಮಾಡ್ಲಿಕ್ಕೆ ಇದೇನು ಸಾಲಿ ಏನ್ರೀ?” ಅಂದರು. ಅವರ ಮಾತಿನಲ್ಲೂ ಅರ್ಥವಿತ್ತು. ಎಂಟು ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದ ಪುಟಕ್ಕೆ ಕಾಲು ಗಂಟೆ ದಾಟತೊಡಗಿತ್ತು. ನನಗೆ ಕೊಡುವುದು ಪುಟದ ಲೆಕ್ಕದಲ್ಲಿ. ಆ ಎರಡು ತಿಂಗಳು ನನ್ನ ಗಳಿಕೆಯಲ್ಲಿ ಮೂರನೇ ಒಂದು ಭಾಗ ಕಡಿಮೆಯಾಯಿತು.

ಮೊದಲು ಕಂಪ್ಯೂಟರಿನಲ್ಲೇ ಮಾಡಿ ನೋಡಿದೆ. ವರ್ಡ್‌ನಲ್ಲಿ ಟ್ರ್ಯಾಕ್ ಚೇಂಜಸ್ ಹಾಕಿ, ಕಾಮೆಂಟಿನಲ್ಲಿ ಕಾರಣ ಬರೆಯುವುದು. ನಮ್ಮ ಫೈಲುಗಳು ಹಳೆಯ ನುಡಿ ಫಾಂಟಿನವು, ಯೂನಿಕೋಡ್ ಅಲ್ಲ. ಕಾಮೆಂಟಿನ ಡಬ್ಬಿಗೆ ಬೇರೆ ಫಾಂಟು ಇರುವುದರಿಂದ ನಾನು ಬರೆದ ಕನ್ನಡ ಅಲ್ಲಿ ಸೊಟ್ಟ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿತ್ತು. ಪ್ರತಿ ಸಲ ಫಾಂಟು ಬದಲಿಸುವುದು ಆಗದ ಮಾತು. ವಾಟ್ಸಾಪಿನಲ್ಲಿ ಧ್ವನಿ ಕಳಿಸಿದೆ. ಹುಡುಗ ಖುಷಿಯಿಂದ ಕೇಳುತ್ತಿದ್ದ, ಆದರೆ ಪುಟದ ಮುಂದೆ ಕೂತಾಗ ಯಾವ ಮಾತು ಯಾವ ಸಾಲಿಗೆ ಅಂತ ಹುಡುಕಲು ಆಗುತ್ತಿರಲಿಲ್ಲ. ಕೊನೆಗೆ ಎ4 ಹಾಳೆಗೇ ಬಂದೆ. ಬಲಗಡೆ ಎರಡು ಇಂಚು ಅಂಚು ಬಿಟ್ಟು ಪ್ರಿಂಟ್ ತೆಗೆಸಿದೆ. ಸಾಲಿನೊಳಗೆ ಗುರುತು, ಅದರ ನೇರಕ್ಕೆ ಅಂಚಿನಲ್ಲಿ ಕಾರಣ. ನಾಲ್ಕೈದು ಪದಕ್ಕಿಂತ ಜಾಸ್ತಿ ಬರೆದರೆ ಅವನು ಓದುವುದಿಲ್ಲ, ಅದು ಬೇಗ ಗೊತ್ತಾಯಿತು.

ಎಂಥ ಕಾರಣ ಬರೆಯಬೇಕು ಅನ್ನುವುದರಲ್ಲೇ ಇಡೀ ಕೆಲಸ ನಿಂತಿದೆ. ‘ಕಾಗುಣಿತ ತಪ್ಪು’ ಅಂದರೆ ಏನೂ ಹೇಳಿದಂತಲ್ಲ, ಕೆಂಪು ಗೆರೆಯೇ ಅದನ್ನು ಹೇಳುತ್ತಿದೆ ಅಲ್ವಾ? ‘ಅದ್ಯಕ್ಷ’ ಬಂದಾಗ ‘ದ’ಕ್ಕೆ ‘ಧ’ ಮಾಡಿ ಪಕ್ಕದಲ್ಲಿ “ಅಧಿಕಾರದ ‘ಅಧಿ’ ಇಲ್ಲೂ ಇದೆ” ಅಂತ ಬರೆದೆ. ಅಧಿ ಮತ್ತು ಅಕ್ಷ ಸೇರಿ ಅಧ್ಯಕ್ಷ. ಆ ಒಂದು ಕಾರಣದಿಂದ ಅಧ್ಯಯನ, ಅಧ್ಯಾಯ, ಅಧ್ಯಾಪಕ ಎಲ್ಲ ತಾವಾಗಿಯೇ ಸರಿಯಾದವು. ನಾನು ಅವನ್ನು ಮುಟ್ಟಲೇ ಇಲ್ಲ. ‘ಅಂಗಡಿಗಳು ತೆರೆದಿತ್ತು’ ಅನ್ನುವಲ್ಲಿ ‘ತೆರೆದಿದ್ದವು’ ಮಾಡಿ “ಯಾವುವು? ಅಂಗಡಿಗಳು” ಅಂತ ಬರೆದರೆ ಸಾಕು. ಮುಂದಿನ ಸಲ ಅವನೇ ಆ ಪ್ರಶ್ನೆ ಕೇಳಿಕೊಳ್ಳುತ್ತಾನೆ.

ತುಂಬಾ ಸತಾಯಿಸಿದ್ದು ‘ಕೊಂಡು’. ಅವನು ‘ಕುಳಿತು ಕೊಂಡಿದ್ದರು’, ‘ಮಾಡಿ ಕೊಂಡರು’ ಅಂತ ಎಲ್ಲ ಕಡೆ ಬಿಡಿಸುತ್ತಿದ್ದ. ನಡುವೆ ಸೇರಿಸುವ ಕಮಾನು ಹಾಕಿ, ಅಂಚಿನಲ್ಲಿ “ಕೊಂಡು ಕೂಡಿಸಿ ಬರೆ” ಅಂತ ಬರೆದೆ. ಮುಂದಿನ ಫಾರಂನಲ್ಲಿ ‘ಹಣ ಕೊಟ್ಟು ಕೊಂಡರು’ ಅನ್ನುವುದು ‘ಹಣ ಕೊಟ್ಟುಕೊಂಡರು’ ಆಗಿ ಬಂತು. ಖರೀದಿಯ ಅರ್ಥವೇ ಹೋಯಿತು. ಬಿಡಿಸುವ ಗುರುತು ಹಾಕಿ ಕೊಟ್ಟಾಗ ಅವನು ಕೇಳಿದ: “ಸರ್, ಎರಡೂ ಕಡೆ ‘ಕೊಂಡು’ ಐತಲ್ರಿ, ಒಂದು ಕೂಡ್ಸು ಅಂತೀರಿ, ಒಂದು ಬಿಡ್ಸು ಅಂತೀರಿ!” ಸರಿಯಾದ ಪ್ರಶ್ನೆ. ಅಪ್ಪಣೆ ಬರೆದರೆ ಅವನು ಅದನ್ನು ಎಲ್ಲ ಕಡೆ ಹಚ್ಚುತ್ತಾನೆ. ಹಾಗಾಗಿ ಕಾರಣವನ್ನು ಪರೀಕ್ಷೆಯ ರೂಪಕ್ಕೆ ತಂದೆ: “ನಡುವೆ ಒಂದು ಪದ ಹಿಡಿಸುತ್ತಾ?” ‘ಹಣ ಕೊಟ್ಟು ಎರಡು ಕೊಂಡರು’, ಹಿಡಿಸುತ್ತದೆ, ಬಿಡಿಸಿ ಬರೆ. ‘ಕುಳಿತು ಎರಡು ಕೊಂಡಿದ್ದರು’ ಅಂದರೆ ಕೂತು ಏನೋ ಖರೀದಿ ಮಾಡಿದಂತಾಗುತ್ತದೆ, ಹೇಳಬೇಕಾದ ಅರ್ಥ ಉಳಿಯುವುದಿಲ್ಲ, ಕೂಡಿಸಿ ಬರೆ. ಅದಾದ ಮೇಲೆ ‘ಕೊಂಡು’ವಿನ ತಪ್ಪು ಪುಸ್ತಕಕ್ಕೆ ಒಂದೋ ಎರಡೋ.

ಒಂದು ಎಚ್ಚರಿಕೆ. ಕಾರಣ ತಿಳಿದ ಮೇಲೆ ಹುಡುಗರಿಗೆ ಹುರುಪು ಬರುತ್ತದೆ. ನಮ್ಮ ಕಡೆಯ ಒಂದು ಕಾದಂಬರಿಯಲ್ಲಿ ಮುದುಕಿಯೊಬ್ಬಳು “ದನಾ ಎಲ್ಲಾ ಬಂದಾವ” ಅನ್ನುತ್ತಾಳೆ. ಇವನು ಅದನ್ನು ‘ಬಂದಿವೆ’ ಮಾಡಿಟ್ಟಿದ್ದ. ಪಾತ್ರದ ನಾಲಿಗೆಯನ್ನೇ ಕಿತ್ತ ಹಾಗಾಗಿತ್ತು. ಹಳೆಯದನ್ನು ಮತ್ತೆ ಬರೆದು, ಕೆಳಗೆ ಚುಕ್ಕೆ ಹಾಕಿ, ಅಂಚಿನಲ್ಲಿ “ಇರಲಿ. ಮಾತು ಪಾತ್ರದ್ದು” ಅಂತ ಬರೆದೆ. ಈಗ ಉದ್ಧರಣ ಚಿಹ್ನೆಯೊಳಗಿನ ಮಾತನ್ನು ನನ್ನ ಕೇಳದೆ ಅವನು ಮುಟ್ಟುವುದಿಲ್ಲ.

ಬಣ್ಣಗಳ ಪ್ರಯೋಗವೂ ಮಾಡಿದೆ. ಕೆಂಪು, ನೀಲಿ, ಹಸಿರು ಅಂತ ಮೂರು ಪೆನ್ನು ಹಿಡಿದರೆ ಕೆಲಸ ನಿಧಾನ. ಎರಡಕ್ಕೆ ಇಳಿಸಿದೆ. ತಪ್ಪಿಗೆ ಕೆಂಪು, ನನ್ನ ರುಚಿಗೆ ಪೆನ್ಸಿಲ್. ‘ಆದ್ದರಿಂದ’ ತೆಗೆದು ‘ಹಾಗಾಗಿ’ ಹಾಕಿದರೆ ಅದು ಪೆನ್ಸಿಲ್, ಪಕ್ಕದಲ್ಲಿ “ತಪ್ಪಲ್ಲ” ಅಂತ ಬರೆಯುತ್ತೇನೆ. ಇದನ್ನು ಬಿಟ್ಟರೆ ಸರಿಯಾದ ಪದವನ್ನೂ ಹುಡುಗ ತಪ್ಪು ಅಂತ ಕಲಿತುಬಿಡುತ್ತಾನೆ. ಸುಮ್ನೆ ಕೈ ಜಾರಿದ ತಪ್ಪಿಗೆ ಕಾರಣವೇ ಇಲ್ಲ, ಗುರುತು ಸಾಕು. ನುಡಿಯಿಂದ ಯೂನಿಕೋಡಿಗೆ ಬದಲಿಸುವಾಗ ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುವಂಥದ್ದು ಅವನ ತಪ್ಪಲ್ಲ. ಅದನ್ನು ಹಾಳೆಯ ತಲೆಯ ಮೇಲೆ ಒಮ್ಮೆ ಬರೆದು ಫೈಲಿನಲ್ಲಿ ಒಟ್ಟಿಗೆ ಬದಲಿಸಲು ಹೇಳುತ್ತೇನೆ.

ಒಂದು ತಪ್ಪು ಮೊದಲ ಸಲ ಬಂದಾಗ ಪೂರ್ತಿ ಕಾರಣ. ಎರಡನೇ ಸಲ ಒಂದೇ ಪದ. ಆಮೇಲೆ ಸಾಲಿನ ಎದುರು ಬರೀ ಚುಕ್ಕೆ, ತಪ್ಪನ್ನು ಅವನೇ ಹುಡುಕಬೇಕು. ಚುಕ್ಕೆ ನೋಡಿ ಆ ಸಾಲಿನಲ್ಲಿ ಸರಿ ಇದ್ದ ಪದವನ್ನು ಬದಲಿಸಿದರೆ ನನ್ನ ಕಾರಣ ಅವನಿಗೆ ಮುಟ್ಟಿಲ್ಲ ಅಂತ ಅರ್ಥ. ಬೇರೆ ಮಾತಿನಲ್ಲಿ ಮತ್ತೆ ಬರೆಯುತ್ತೇನೆ. ಯಾವ ತಪ್ಪನ್ನು ಮೊದಲು ಹಿಡಿಯಬೇಕು, ಯಾವುದನ್ನು ಬೇಕೆಂದೇ ಮುಂದಿನ ಫಾರಂಗೆ ಬಿಡಬೇಕು ಅನ್ನುವ ಲೆಕ್ಕ ಒಂದಿದೆ. ಅದು ನನ್ನ ಹತ್ತಿರವೇ ಇರಲಿ.

ಮೊದಲು ಪುಸ್ತಕಕ್ಕೆ ನಾಲ್ಕು ಪ್ರೂಫ್ ಬೇಕಾಗುತ್ತಿತ್ತು, ಈಗ ಎರಡಕ್ಕೆ ಮುಗಿಯುತ್ತದೆ. ಮೊದಲ ಪ್ರೂಫಿನಲ್ಲೇ ಪುಟಕ್ಕೆ ಮೂರೋ ನಾಲ್ಕೋ ತಪ್ಪು, ಅವೂ ಹೆಚ್ಚಿನಂಶ ಕೈತಪ್ಪು. ನನಗೆ ಪುಟಕ್ಕೆ ಐದಾರು ನಿಮಿಷ ಸಾಕು, ಹೋದ ಗಳಿಕೆ ಅರ್ಧ ವರ್ಷದೊಳಗೆ ವಾಪಸ್ ಬಂತು. ಸಾಲಿ ಅಂದಿದ್ದ ಮಾಲೀಕರು ಪುಟದ ದರ ಎರಡು ರೂಪಾಯಿ ಏರಿಸಿದರು, ಅದನ್ನು ಹೇಳಲೇಬೇಕು. ಕವನ ಸಂಕಲನಕ್ಕೆ ಮಾತ್ರ ಈ ಪದ್ಧತಿ ಹಚ್ಚುವುದಿಲ್ಲ. ಅಲ್ಲಿ ಬರೀ ಪೆನ್ಸಿಲ್, ಪ್ರತಿ ಗುರುತಿನ ಮುಂದೆ ಪ್ರಶ್ನೆ ಚಿಹ್ನೆ, ಹಾಳೆ ನೇರ ಕವಿಗೆ ಹೋಗುತ್ತದೆ.